ಸಂಬಳ ಇಳಿದಾಗ ತೆರಿಗೆ ಇನ್ನೂ ಬೇಗ ಇಳಿಯುತ್ತದೆ
ಆರ್ಥಿಕ ಹಿಂಜರಿತ ಬಂದಾಗ ಸರ್ಕಾರ ಹೊಸ ಕಾನೂನು ತರುವ ಮೊದಲೇ ಒಂದು ನೆರವು ತಾನಾಗಿ ಶುರುವಾಗಿರುತ್ತದೆ. ಅದು ಆದಾಯ ತೆರಿಗೆಯ ಸ್ಲ್ಯಾಬ್‌ಗಳಲ್ಲೇ ಇದೆ. ನಮ್ಮ ಹಳೆಯ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂಪಾಯಿ ತೆರಿಗೆಯೋಗ್ಯ ಆದಾಯಕ್ಕೆ, ಸೆಸ್ ಬಿಟ್ಟು, 1,72,500 ರೂಪಾಯಿ ತೆರಿಗೆ. ಸಂಬಳ ಕಡಿತವಾಗಿ ಆದಾಯ 10 ಲಕ್ಷಕ್ಕೆ ಇಳಿದರೆ ತೆರಿಗೆ 1,12,500. ಆದಾಯ ಇಳಿದದ್ದು ಆರನೇ ಒಂದು ಪಾಲು, ತೆರಿಗೆ ಮೂರನೇ ಒಂದಕ್ಕಿಂತ ಹೆಚ್ಚು; ಏಕೆಂದರೆ ಕೈತಪ್ಪಿದ 2 ಲಕ್ಷ ಶೇ. 30ರ ಸ್ಲ್ಯಾಬ್‌ನಲ್ಲಿತ್ತು. ಅದರಲ್ಲಿ 60,000 ಸರ್ಕಾರದ ನಷ್ಟ, ಮನೆಯದು 1,40,000. ಟಿಡಿಎಸ್ ಕಡಿಮೆಯಾಗುವುದರಿಂದ ಈ ಆಸರೆ ತಿಂಗಳ ಸಂಬಳದಲ್ಲೇ ಸಿಗುತ್ತದೆ, ಮನೆಯ ಖರ್ಚು ಅಷ್ಟಾಗಿ ಕುಗ್ಗುವುದಿಲ್ಲ, ಅಂಗಡಿಯವನ ವ್ಯಾಪಾರವೂ ಉಳಿಯುತ್ತದೆ. ಆದರೆ ನಮ್ಮಲ್ಲಿ ದುಡಿಯುವ ಬಹುಪಾಲು ಜನ ಆದಾಯ ತೆರಿಗೆಯನ್ನೇ ಕಟ್ಟುವುದಿಲ್ಲ. ಕೂಲಿ ತಪ್ಪಿದವರಿಗೆ ಈ ಸ್ಲ್ಯಾಬ್‌ಗಳಿಂದ ಒಂದು ರೂಪಾಯಿಯೂ ಉಳಿಯದು; ಅವರಿಗೆ ಉದ್ಯೋಗ ಖಾತ್ರಿಯಂಥ ಬೇರೆ ಆಸರೆಯೇ ಬೇಕು.