ತೆರೆದ ಡಬ್ಬ, ಒದ್ದೆ ಚಮಚ

ಮಗುವಿನ ಹಾಲುಪುಡಿಯ ಡಬ್ಬದ ಮೇಲೆ ಎರಡು ಗಡುವುಗಳಿರುತ್ತವೆ. ತಳದಲ್ಲಿ ಅಚ್ಚಾಗಿರುವ ದಿನಾಂಕ ಸೀಲು ಒಡೆಯದ ಡಬ್ಬಕ್ಕೆ ಸೇರಿದ್ದು. ಬಳಸುವ ವಿಧಾನದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ತೆರೆದ ಮೇಲೆ ಮೂರು ವಾರ ಅಥವಾ ನಾಲ್ಕು ವಾರದೊಳಗೆ ಮುಗಿಸಿ ಎಂದಿರುವುದು ಇನ್ನೊಂದು. ಹೆಚ್ಚಿನವರು ನೋಡುವುದು ಮೊದಲನೆಯದನ್ನು ಮಾತ್ರ. ಇನ್ನೂ ಒಂದು ವರ್ಷ ಇದೆಯಲ್ಲ ಎಂದು ಎರಡು ತಿಂಗಳ ಹಿಂದೆ ತೆರೆದ ಡಬ್ಬವನ್ನೇ ಕೆರೆದು ಬಳಸುತ್ತಾರೆ.

ಕಾರ್ಖಾನೆಯಲ್ಲಿ ಡಬ್ಬ ಮುಚ್ಚುವಾಗ ಒಳಗಿನ ಗಾಳಿಯನ್ನು ಹೊರಹಾಕಿ ಸಾರಜನಕದಂಥ ಅನಿಲ ತುಂಬುತ್ತಾರೆ. ಪುಡಿಯಲ್ಲಿ ಎಣ್ಣೆಯ ಅಂಶ ಬಹಳ. ಆಮ್ಲಜನಕ ತಾಗಿದರೆ ಅದು ಕಮಟುತ್ತದೆ, ಸಿ ಜೀವಸತ್ವ ಕುಗ್ಗುತ್ತದೆ. ಸೀಲು ಒಡೆದ ಗಳಿಗೆಯಿಂದಲೇ ಇದು ಶುರು. ಜೊತೆಗೆ ತೇವ. ಪುಡಿಯಲ್ಲಿರುವ ಹಾಲಿನ ಸಕ್ಕರೆ ಗಾಳಿಯ ಪಸೆಯನ್ನು ಹೀರಿ ಅಂಟಾಗಿ ಗಂಟು ಕಟ್ಟುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಮುಚ್ಚಳ ಸರಿಯಾಗಿ ಕೂರದಿದ್ದರೆ ಇದಕ್ಕೆ ಹೆಚ್ಚು ದಿನ ಬೇಕಾಗುವುದಿಲ್ಲ.

ಇಷ್ಟಾದರೆ ಪೋಷಕಾಂಶದ ನಷ್ಟ ಎನ್ನಬಹುದಿತ್ತು. ಹೆಚ್ಚು ಕಳವಳದ ಸಂಗತಿ ಬೇರೆ. ಹಾಲುಪುಡಿ ಕ್ರಿಮಿರಹಿತವಲ್ಲ, ಸೀಲು ಒಡೆಯುವ ಮೊದಲೂ ಅಲ್ಲ. ಕ್ರೋನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣಪುಡಿಯಲ್ಲಿ ವರ್ಷಗಟ್ಟಲೆ ಬದುಕಿರಬಲ್ಲದು. 2001ರಲ್ಲಿ ಅಮೆರಿಕದ ಟೆನೆಸಿಯ ಆಸ್ಪತ್ರೆಯೊಂದರಲ್ಲಿ ಅವಧಿಗೆ ಮುನ್ನ ಹುಟ್ಟಿದ ಮಗುವೊಂದು ಇದರಿಂದ ಮಿದುಳಿನ ಪೊರೆಯ ಉರಿಯೂತ ಬಂದು ತೀರಿಕೊಂಡಿತು. ಪರೀಕ್ಷಿಸಿದಾಗ ತೆರೆದ ಡಬ್ಬದಲ್ಲಷ್ಟೇ ಅಲ್ಲ, ಅದೇ ತಂಡದ ತೆರೆಯದ ಡಬ್ಬದಲ್ಲೂ ಈ ಬ್ಯಾಕ್ಟೀರಿಯಾ ಸಿಕ್ಕಿತು. ಇದು ಅಡುಗೆಮನೆಯ ಸಿಂಕು, ಒರೆಸುವ ಬಟ್ಟೆಗಳಲ್ಲೂ ಇರುತ್ತದೆ. ಅಪರೂಪದ ಸೋಂಕು, ಆದರೆ ಎರಡು ತಿಂಗಳೊಳಗಿನ ಮಕ್ಕಳಿಗೆ, ಅದರಲ್ಲೂ ದಿನ ತುಂಬದೆ ಹುಟ್ಟಿದವರಿಗೆ, ಜೀವಕ್ಕೇ ಕುತ್ತು.

ಒಣಪುಡಿಯಲ್ಲಿ ಅದು ಬದುಕಿರುತ್ತದೆ, ಹೆಚ್ಚುವುದಿಲ್ಲ. ಹೆಚ್ಚಲು ನೀರು ಬೇಕು. ಆ ನೀರನ್ನು ಒಯ್ದು ಕೊಡುವುದೇ ಒದ್ದೆ ಚಮಚ.

ನಾನೂರು ಗ್ರಾಂ ಪುಡಿಗೆ ಒಂದು ಹನಿ ನೀರು ಯಾವ ಲೆಕ್ಕ ಎಂದು ಅನ್ನಿಸಬಹುದು. ಆದರೆ ಹನಿ ಇಡೀ ಡಬ್ಬಕ್ಕೆ ಹಂಚಿಹೋಗುವುದಿಲ್ಲ. ತಾಗಿದಲ್ಲೇ ಚಿಟಿಕೆ ಪುಡಿಯನ್ನು ನೆನೆಸಿ ಹಿಟ್ಟಿನ ಉಂಡೆಯಂತೆ ಮಾಡುತ್ತದೆ. ಸುತ್ತಲಿನ ಪುಡಿ ಆ ತೇವವನ್ನು ಎಳೆದುಕೊಂಡು ಉಂಡೆ ಮತ್ತೆ ಒಣಗುವವರೆಗೆ, ಅಷ್ಟು ಜಾಗದಲ್ಲಿ ಹಾಲು, ಸಕ್ಕರೆ, ನೀರು, ಬೆಚ್ಚಗಿನ ಕೋಣೆ ಎಲ್ಲವೂ ಕೂಡಿರುತ್ತವೆ. ಕಲಸಿದ ಹಾಲಿನಲ್ಲಿ 23 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕ್ರೋನೊಬ್ಯಾಕ್ಟರ್ ಸುಮಾರು ನಲವತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಉಂಡೆ ಒಣಗಿದ ಮೇಲೆ ಅವು ಎಲ್ಲವೂ ಸಾಯುವುದಿಲ್ಲ. ಒಣಗಿಕೊಂಡೇ ಮುಂದಿನ ಬಾಟಲಿಗಾಗಿ ಉಳಿಯುತ್ತವೆ.

ಚಮಚ ಒದ್ದೆಯಾಗುವ ದಾರಿಗಳು ಹಲವು. ಶುಚಿಯ ಕಾಳಜಿಯಿಂದ ಪ್ರತಿಸಲ ತೊಳೆದು, ಒಂದು ಸಲ ಝಾಡಿಸಿ, ಡಬ್ಬಕ್ಕೆ ಹಾಕುವುದು ಅತಿ ಸಾಮಾನ್ಯ. ಗಮನಕ್ಕೆ ಬಾರದ್ದು ಹಬೆ. ಬಿಸಿನೀರಿನ ಬಾಟಲಿಯ ಬಾಯಿಯ ಮೇಲೆ ಚಮಚ ಬಗ್ಗಿಸಿದಾಗ ಅಂಚಿಗೆ ಹಬೆ ಕೂತು ಪುಡಿ ಮೆತ್ತಿಕೊಳ್ಳುತ್ತದೆ. ಎರಡನೇ ಚಮಚಕ್ಕೆ ಅದೇ ಅಂಚು ಡಬ್ಬದೊಳಗೆ ಇಳಿಯುತ್ತದೆ. ಚಮಚವನ್ನು ಬಾಟಲಿಗೆ ತಾಗಿಸದೆ ತುಸು ಮೇಲಿನಿಂದ, ಪಕ್ಕದಿಂದ ಸುರಿಯಬೇಕು. ಫ್ರಿಜ್‌ನಲ್ಲಿಟ್ಟ ಡಬ್ಬವನ್ನು ಹೊರತೆಗೆದು ತೆರೆದರೂ ಒಳಗೆ ಬೆವರು ಕೂರುತ್ತದೆ, ಆದ್ದರಿಂದ ಪುಡಿಗೆ ಫ್ರಿಜ್ ಬೇಡ. ಚಮಚ ಕೆಳಗೆ ಬಿದ್ದರೆ ಮಾತ್ರ ತೊಳೆದು, ಕುದಿಸಿ, ಬಟ್ಟೆಯಿಂದ ಒರೆಸದೆ ರಾತ್ರಿಯಿಡೀ ಆರಲು ಬಿಟ್ಟು ಬಳಸಿ. ಒಣಗಿದ ಚಮಚವನ್ನು ಮುಟ್ಟುವ ಕೈಯೂ ತೊಳೆದು ಒರೆಸಿಕೊಂಡಿರಲಿ.

ಮೂರು ವಾರ ಸಾಕೇ ಎಂಬುದನ್ನು ಒಂದು ಮನೆಯ ಲೆಕ್ಕದಲ್ಲಿ ನೋಡೋಣ. ಎದೆಹಾಲಿನ ಜೊತೆಗೆ ವೈದ್ಯರ ಸಲಹೆಯಂತೆ ದಿನಕ್ಕೊಮ್ಮೆ 120 ಮಿ.ಲೀ. ಕೊಡುತ್ತಾರೆ. 30 ಮಿ.ಲೀ.ಗೆ ಒಂದು ಚಮಚದಂತೆ ನಾಲ್ಕು ಚಮಚ, ಸುಮಾರು 18 ಗ್ರಾಂ. ನಾನೂರು ಗ್ರಾಂ ಡಬ್ಬ ಇಪ್ಪತ್ತೆರಡು ದಿನಕ್ಕೆ ಮುಗಿಯುತ್ತದೆ. ಗಡುವಿಗೆ ಹೆಚ್ಚುಕಡಿಮೆ ಸರಿ. ದಿನ ಬಿಟ್ಟು ದಿನ ಕೊಟ್ಟರೆ ನಲವತ್ತನಾಲ್ಕು ದಿನವಾಗುತ್ತದೆ, ಗಡುವು ಮುಗಿದಾಗ ಅರ್ಧ ಡಬ್ಬ ಉಳಿದಿರುತ್ತದೆ. ಅಷ್ಟು ದುಬಾರಿ ಪುಡಿಯನ್ನು ಎಸೆಯುವುದು ಹೊಟ್ಟೆ ಉರಿಯುವ ಮಾತೇ. ಅಂಥವರು ಸಿಗುವ ಅತಿ ಚಿಕ್ಕ ಡಬ್ಬವನ್ನೇ ಕೊಳ್ಳಲಿ. ಹಳೆಯದರ ಉಳಿಕೆಯನ್ನು ಹೊಸ ಡಬ್ಬಕ್ಕೆ ಸುರಿಯಬಾರದು. ಹೊಸದರ ಗಡುವೂ ಹಳೆಯದರದ್ದೇ ಆಗುತ್ತದೆ.

ಬೆರಳಲ್ಲಿ ಒತ್ತಿದರೂ ಒಡೆಯದ ಗಂಟು, ಹಳೆ ಎಣ್ಣೆಯ ವಾಸನೆ, ಹಳದಿಗಟ್ಟಿದ ಬಣ್ಣ ಇವು ಕೆಟ್ಟ ಪುಡಿಯ ಗುರುತು. ಬ್ಯಾಕ್ಟೀರಿಯಾಕ್ಕೆ ಮಾತ್ರ ಗುರುತಿಲ್ಲ. ಪುಡಿ ನೋಡಲು, ಮೂಸಲು ಚೆನ್ನಾಗಿಯೇ ಇರುತ್ತದೆ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ಕುದಿಸಿದ ನೀರನ್ನು ಅರ್ಧ ಗಂಟೆಗಿಂತ ಹೆಚ್ಚು ಆರಿಸದೆ, 70 ಡಿಗ್ರಿಗಿಂತ ಕಡಿಮೆಯಾಗುವ ಮೊದಲೇ ಪುಡಿ ಕಲಸಲು ಹೇಳುತ್ತದೆ. ಆಮೇಲೆ ಬಾಟಲಿಯನ್ನು ತಣ್ಣೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿ, ಮಣಿಕಟ್ಟಿನ ಮೇಲೆ ಹನಿಸಿ ನೋಡಿ ಕುಡಿಸಬೇಕು. ಡಬ್ಬದ ಮೇಲೆ ಬೇರೆ ಸೂಚನೆಯಿದ್ದರೆ, ಮಗು ತೀರ ಚಿಕ್ಕದಿದ್ದರೆ ಮಕ್ಕಳ ವೈದ್ಯರನ್ನು ಕೇಳಿ. ಡಬ್ಬ ತೆರೆದ ದಿನವೇ ಮುಚ್ಚಳದ ಮೇಲೆ ಮಾರ್ಕರ್‌ನಿಂದ ಎರಡು ತಾರೀಖು ಬರೆದಿಡಿ: ತೆರೆದದ್ದು, ಎಸೆಯಬೇಕಾದದ್ದು.