ತೊಂಬತ್ತಕ್ಕೆ ಗ್ಯಾರಂಟಿ, ಆದರೆ ಯಾವುದಕ್ಕೆ?

2007ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ಲಾಟರಿ ಇಲ್ಲ. ಅದಕ್ಕೂ ಮುಂಚೆ ಒಂದಂಕಿ ಲಾಟರಿ ಆಡುತ್ತಿದ್ದವರದು ಒಂದೇ ತರ್ಕ: ‘ಏಳು ಬಂದು ಬಹಳ ದಿನ ಆಯ್ತು, ಇವತ್ತು ಬರಲೇಬೇಕು.’ ಈಗ ಓಕಳಿಪುರಂನಿಂದ ಮೆಜೆಸ್ಟಿಕ್ ಕಡೆಗೆ ಹೋಗುವ ಬಸ್ಸಿನಲ್ಲಿ ಮೊಬೈಲ್ ಹಿಡಿದು ಕೂತ ಕಾಲೇಜು ಹುಡುಗರ ಬಾಯಲ್ಲೂ ಇದೇ ಮಾತು. ಅಂಕಿಯ ಬದಲು ಕ್ರೇಟ್, ಬ್ಯಾನರ್, ಪುಲ್ ಎಂಬ ಹೆಸರುಗಳು ಬಂದಿವೆ, ಅಷ್ಟೆ. ತಮಾಷೆಯೆಂದರೆ ಲಾಟರಿಯಲ್ಲಿ ಆ ತರ್ಕ ಪೂರ್ತಿ ತಪ್ಪಾಗಿತ್ತು, ಈ ಮೊಬೈಲ್ ಆಟಗಳಲ್ಲಿ ಅರ್ಧ ಸರಿ. ಲಾಟರಿಯ ಅಂಕಿಗೆ ನೆನಪಿರಲಿಲ್ಲ. ಆಟದ ಸರ್ವರ್ ಮಾತ್ರ ಒಬ್ಬೊಬ್ಬರೂ ಎಷ್ಟು ಸಲ ಸೋತರೆಂದು ಎಣಿಸಿಡುತ್ತದೆ. ಆಟಗಾರರು ಅದನ್ನು ‘ಪಿಟಿ’ ಎನ್ನುತ್ತಾರೆ. ಇಷ್ಟು ಸಲ ಸೋತ ಮೇಲೆ ಪಾಪ ಎಂದು ಬಹುಮಾನ ಕೊಟ್ಟುಬಿಡುವ ಲೆಕ್ಕ ಅದು.

ನಂಬಿಕೆ: 0.6 ಶೇಕಡಾ ಎಂದರೆ 167 ಪುಲ್‌ಗೆ ಒಂದು ಖಚಿತ

ಚೀನಾದ ಮಿಹೊಯೊ ಕಂಪನಿಯ ‘ಗೆನ್ಶಿನ್ ಇಂಪ್ಯಾಕ್ಟ್’ ಆಟವನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಅತಿ ಅಪರೂಪದ ಫೈವ್‌ಸ್ಟಾರ್ ಪಾತ್ರ ಸಿಗುವ ಸಾಧ್ಯತೆ ಪ್ರತಿ ಪುಲ್‌ಗೆ, ಅಂದರೆ ಒಂದು ಸಲದ ಅದೃಷ್ಟ ಪರೀಕ್ಷೆಗೆ, 0.6 ಶೇಕಡಾ ಎಂದು ಕಂಪನಿ ಪ್ರಕಟಿಸಿದೆ. ನೂರನ್ನು 0.6ರಿಂದ ಭಾಗಿಸಿದರೆ 167 ಬರುತ್ತದೆ, ನಿಜ. ಆದರೆ ಅದು ಸರಾಸರಿ, ಗಡುವಲ್ಲ. ಒಂದು ಪುಲ್‌ನಲ್ಲಿ ಸಿಗದಿರುವ ಸಾಧ್ಯತೆ 0.994. ಅದನ್ನು 167 ಸಲ ಗುಣಿಸುತ್ತ ಹೋದರೆ ಸುಮಾರು 0.37 ಉಳಿಯುತ್ತದೆ. ಅಂದರೆ ಪಿಟಿ ಇಲ್ಲದಿದ್ದರೆ ನೂರು ಮಂದಿಯಲ್ಲಿ 37 ಮಂದಿ 167 ಪುಲ್ ಮುಗಿಸಿಯೂ ಬರಿಗೈ. ಪಿಟಿ ಹುಟ್ಟಿದ್ದೇ ಇವರಿಗಾಗಿ: 90ನೇ ಪುಲ್‌ಗೆ ಫೈವ್‌ಸ್ಟಾರ್ ಕೊಟ್ಟೇ ಕೊಡುತ್ತೇವೆ ಎಂಬುದು ಆ ಆಟದ ನಿಯಮ.

ನಂಬಿಕೆ: ದರ, ಗ್ಯಾರಂಟಿ ಎರಡೂ ಬರೆದಿದ್ದಾರೆ, ಇನ್ನೇನು ಬೇಕು?

ಇಲ್ಲೇ ಕುತೂಹಲದ ವಿಷಯವಿರುವುದು. ಕಂಪನಿ ಮೂರನೆಯ ಸಂಖ್ಯೆಯೊಂದನ್ನೂ ಕೊಟ್ಟಿದೆ: ಗ್ಯಾರಂಟಿಯನ್ನೂ ಸೇರಿಸಿದರೆ ಒಟ್ಟು ದರ 1.6 ಶೇಕಡಾ. ಈ ಮೂರೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ಕಾಗದ ಪೆನ್ನು ಹಿಡಿದು ನೋಡಬಹುದು.

89ನೇ ಪುಲ್‌ವರೆಗೂ ದರ 0.6ರಲ್ಲೇ ನಿಂತಿದ್ದು, 90ನೆಯದಕ್ಕೆ ಮಾತ್ರ ಗ್ಯಾರಂಟಿ ಬರುತ್ತದೆ ಎಂದುಕೊಳ್ಳಿ. ಒಂದು ಫೈವ್‌ಸ್ಟಾರ್‌ಗೆ ಸರಾಸರಿ ಎಷ್ಟು ಪುಲ್ ಬೇಕೆಂದು ತಿಳಿಯಲು, 0.994 ಅನ್ನು 90 ಸಲ ಗುಣಿಸಿ, ಬಂದದ್ದನ್ನು ಒಂದರಿಂದ ಕಳೆದು, ಉಳಿದದ್ದನ್ನು 0.006ರಿಂದ ಭಾಗಿಸಬೇಕು. ಉತ್ತರ ಸುಮಾರು 70. ಎಪ್ಪತ್ತು ಪುಲ್‌ಗೆ ಒಂದು ಎಂದರೆ ಒಟ್ಟು ದರ 1.43 ಶೇಕಡಾ. ಪ್ರಕಟಿಸಿದ್ದು 1.6, ಅಂದರೆ 62.5 ಪುಲ್‌ಗೆ ಒಂದು. ಲೆಕ್ಕ ಕೂಡುತ್ತಿಲ್ಲ. ಕೂಡಬೇಕಾದರೆ 90ಕ್ಕಿಂತ ಮುಂಚೆಯೇ ಎಲ್ಲೋ ದರ ಏರಲೇಬೇಕು.

ಎಲ್ಲಿ ಏರುತ್ತದೆ ಎಂಬುದನ್ನು ಪತ್ತೆ ಮಾಡಿದವರು ಆಟಗಾರರು. ತಮ್ಮ ತಮ್ಮ ಪುಲ್‌ಗಳ ಚರಿತ್ರೆಯನ್ನು ರಾಶಿ ಹಾಕಿ ನೋಡಿದಾಗ 74ನೇ ಪುಲ್‌ನಿಂದ ಪ್ರತಿ ಸಲವೂ ಸುಮಾರು 6 ಶೇಕಡಾದಂತೆ ಸಾಧ್ಯತೆ ಏರುವುದು ಕಾಣಿಸಿತು: 73ರವರೆಗೆ 0.6, 74ಕ್ಕೆ 6.6, 75ಕ್ಕೆ 12.6, ಹೀಗೆ. ಇದಕ್ಕೆ ‘ಸಾಫ್ಟ್ ಪಿಟಿ’ ಎಂದು ಹೆಸರಿಟ್ಟರು. ಈ ಏಣಿಯನ್ನು ಲೆಕ್ಕಕ್ಕೆ ಸೇರಿಸಿದರೆ ಸರಾಸರಿ 62.3 ಪುಲ್, ಒಟ್ಟು ದರ 1.605 ಶೇಕಡಾ. ಕಂಪನಿಯ 1.6ಕ್ಕೆ ಸರಿಯಾಗಿ ಕೂತಿತು.

ಅಂದರೆ ಕಂಪನಿ ಸುಳ್ಳು ಹೇಳಲಿಲ್ಲ. ಪ್ರಕಟಿಸಿದ ಮೂರು ಸಂಖ್ಯೆಗಳೂ ನಿಜ. ಆದರೆ ಆಟಗಾರನಿಗೆ ಅತಿ ಹೆಚ್ಚು ಉಪಯೋಗವಾಗುವ ನಾಲ್ಕನೆಯದನ್ನು ಬರೆಯಲಿಲ್ಲ. ಆ ಏಣಿಯ ಪ್ರಕಾರ ನೂರರಲ್ಲಿ 64 ಮಂದಿ 73 ಪುಲ್‌ಗಳನ್ನೂ ಖಾಲಿ ಕೈಯಲ್ಲೇ ದಾಟುತ್ತಾರೆ. ಅವರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರಿಗೂ 74ರಿಂದ 82ರೊಳಗೆ ಸಿಕ್ಕಿಬಿಡುತ್ತದೆ. 90ರ ಗ್ಯಾರಂಟಿಯನ್ನು ಮುಟ್ಟುವವರು ಇಲ್ಲವೇ ಇಲ್ಲ ಎನ್ನಬಹುದು. ಸರಾಸರಿ 62 ಎಂದು ನಂಬಿ 62 ಪುಲ್‌ಗಾಗುವಷ್ಟೇ ದುಡ್ಡು ಹಾಕಿದವನು ನಿಲ್ಲುವುದು ಫಸಲು ಬರುವುದಕ್ಕೆ ಸ್ವಲ್ಪವೇ ಮುಂಚೆ, ಬರಡು ಜಾಗದಲ್ಲಿ. ಅಲ್ಲಿಂದ ಎದ್ದು ಹೋಗುವುದು ಕಷ್ಟ. ಇನ್ನೊಂದಷ್ಟು ದುಡ್ಡು ಹಾಕುತ್ತಾನೆ.

ನಂಬಿಕೆ: 50 ಆಯ್ತು, ಇನ್ನೇನು ಬರತ್ತೆ

ಈ ಏಣಿಯಲ್ಲಿ 50ನೇ ಪುಲ್‌ಗೂ ಮೊದಲನೆಯದಕ್ಕೂ ವ್ಯತ್ಯಾಸವಿಲ್ಲ, ಎರಡಕ್ಕೂ ಅದೇ 0.6. ಏಣಿಯ ಬುಡ 74ರಲ್ಲಿದೆ. ಅಲ್ಲಿಂದಾಚೆಗೆ ‘ಈಗ ಬರುತ್ತದೆ’ ಎನ್ನುವುದು ಮೂಢನಂಬಿಕೆಯಲ್ಲ, ಗಣಿತ.

ನಂಬಿಕೆ: ಗ್ಯಾರಂಟಿ ಎಂದರೆ ಬೇಕಾದ್ದೇ ಸಿಗುವುದು

ಗ್ಯಾರಂಟಿ ಇರುವುದು ಯಾವುದೋ ಒಂದು ಫೈವ್‌ಸ್ಟಾರ್‌ಗೆ. ಜಾಹೀರಾತಿನಲ್ಲಿ ದೊಡ್ಡದಾಗಿ ತೋರಿಸಿದ ಪಾತ್ರವೇ ಬರುವ ಸಾಧ್ಯತೆ, 2024ರಲ್ಲಿ 5.0 ಆವೃತ್ತಿ ಬರುವ ತನಕ, ಅರ್ಧಕ್ಕರ್ಧ. ಮೊದಲ ಸಲ ಬೇರೆಯದು ಬಂದರೆ ಮುಂದಿನದು ಖಚಿತವಾಗಿ ಬೇಕಾದ್ದೇ. ಹಾಗಾಗಿ ಕೆಟ್ಟ ಪಕ್ಷದ ಲೆಕ್ಕ 90 ಅಲ್ಲ, 180. ಆ ಅರ್ಧಕ್ಕರ್ಧದ ನಿಯಮದಲ್ಲಿ ಸರಾಸರಿಯೂ 62 ಅಲ್ಲ, ಅದರ ಒಂದೂವರೆ ಪಟ್ಟು, ಸುಮಾರು 93. ಒಂದು ಪುಲ್‌ಗೆ 160 ಪ್ರೈಮೋಜೆಮ್ ಎಂಬ ಆಟದ ನಾಣ್ಯ ಬೇಕು. 180 ಪುಲ್‌ಗೆ 28,800. ಅಂಗಡಿಯ ಪುಟದಲ್ಲಿ ಪಾತ್ರದ ಚಿತ್ರದ ಕೆಳಗೆ ಬರೆಯಬೇಕಾದ ಬೆಲೆ ಅದು.

ಸೋಲುಗಳನ್ನು ಎಣಿಸುವ ಕೌಂಟರ್ ಮುಂದಿನ ಬ್ಯಾನರ್‌ಗೆ, ಅಂದರೆ ಮುಂದಿನ ಪಾತ್ರದ ಕೊಡುಗೆಗೆ, ಸಾಗುತ್ತದೆಯೇ ಎಂಬುದೂ ಅಷ್ಟೇ ಮುಖ್ಯ. ಗೆನ್ಶಿನ್‌ನಲ್ಲಿ ಒಂದೇ ಬಗೆಯ ಬ್ಯಾನರ್‌ಗಳ ನಡುವೆ ಸಾಗುತ್ತದೆ, ಬೇರೆ ಬಗೆಗೆ ಸಾಗುವುದಿಲ್ಲ. ಬ್ಯಾನರ್ ಮುಗಿದಾಗ ಎಣಿಕೆ ಸೊನ್ನೆಯಾಗುವ ಆಟವಾದರೆ, 60ಕ್ಕೆ ನಿಂತವನ ದುಡ್ಡು ಅಲ್ಲಿಗೆ ಗೋವಿಂದ.

ನಂಬಿಕೆ: ಕಂಪನಿ ಸದ್ದಿಲ್ಲದೆ ದರ ಬದಲಿಸಲ್ಲ

ದಕ್ಷಿಣ ಕೊರಿಯಾದ ನೆಕ್ಸನ್ ಕಂಪನಿಯ ‘ಮೇಪಲ್‌ಸ್ಟೋರಿ’ ಆಟದಲ್ಲಿ 2010ರಿಂದ ‘ಕ್ಯೂಬ್’ ಎಂಬ ವಸ್ತು ಮಾರಾಟಕ್ಕಿತ್ತು. ಅದನ್ನು ಬಳಸಿದರೆ ಆಯುಧದ ಗುಣಗಳು ಯಾದೃಚ್ಛಿಕವಾಗಿ ಬದಲಾಗುತ್ತಿದ್ದವು. ಎಲ್ಲರೂ ಬಯಸುವ ಗುಣಗಳ ಸಾಧ್ಯತೆಯನ್ನು ಕಂಪನಿ ಅದೇ ವರ್ಷ ಸದ್ದಿಲ್ಲದೆ ಇಳಿಸಿತು. 2011ರಿಂದ 2021ರವರೆಗೆ ಕೆಲವು ಜನಪ್ರಿಯ ಜೋಡಣೆಗಳು ಬರುವ ಸಾಧ್ಯತೆ ಸೊನ್ನೆಯಾಗಿತ್ತು. ಜನ ದುಡ್ಡು ಹಾಕುತ್ತಲೇ ಇದ್ದರು. ಅಲ್ಲಿನ ನ್ಯಾಯಸಮ್ಮತ ವ್ಯಾಪಾರ ಆಯೋಗ 2024ರ ಜನವರಿಯಲ್ಲಿ 1,160 ಕೋಟಿ ವೊನ್‌ಗೂ ಹೆಚ್ಚು ದಂಡ ವಿಧಿಸಿತು. ಅದೇ ವರ್ಷದ ಮಾರ್ಚ್‌ನಿಂದ ದರ ಪ್ರಕಟಿಸುವುದು ಅಲ್ಲಿ ಕಾನೂನಿನ ಕಡ್ಡಾಯ. ಚೀನಾದಲ್ಲಿ 2017ರ ಮೇ 1ರಿಂದಲೇ ಕಡ್ಡಾಯ.

ನಮ್ಮಲ್ಲಿ ಚರ್ಚೆಯೆಲ್ಲ ಪಣದ ಸುತ್ತಲೇ ನಡೆದಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದುಮಾಡಿತು. 2025ರ ಕೇಂದ್ರ ಕಾಯ್ದೆ ಹಿಡಿದಿರುವುದು ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟುವ ಆಟಗಳನ್ನು. ಕ್ರೇಟ್‌ನಲ್ಲಿ ಸಿಗುವ ಉಡುಪನ್ನೋ ಪಾತ್ರವನ್ನೋ ನಗದು ಮಾಡಲು ಬಾರದಿದ್ದರೆ ಅದನ್ನು ಈ ವ್ಯಾಖ್ಯೆಯೊಳಗೆ ತರುವುದು ಸುಲಭವಲ್ಲ. ಸದ್ಯಕ್ಕೆ ಆಸರೆ ಆಪ್ ಅಂಗಡಿಗಳ ನಿಯಮವೇ: ಕೊಳ್ಳುವ ಮುಂಚೆ ದರ ತೋರಿಸಬೇಕು ಎಂದು ಆ್ಯಪಲ್ 2017ರಲ್ಲಿ, ಗೂಗಲ್ ಪ್ಲೇ 2019ರಲ್ಲಿ ಹೇಳಿದವು. ಪಿಟಿಯ ಏಣಿಯನ್ನೂ ತೋರಿಸಿ ಎಂದು ಅವು ಬಿಡಿಸಿ ಹೇಳಿಲ್ಲ.

ಆದ್ದರಿಂದ ಮಕ್ಕಳ ಕೈಗೆ ಯುಪಿಐ ಪಿನ್ ಕೊಡುವ ಮುನ್ನ ಆಟದ ‘ಡೀಟೇಲ್ಸ್’ ಪುಟ ತೆರೆದು ನಾಲ್ಕನ್ನು ಹುಡುಕಿ: ಮೂಲ ದರ, ದರ ಏರಲು ಶುರುವಾಗುವ ಪುಲ್, ಬೇಕಾದ್ದೇ ಖಚಿತವಾಗಲು ಕೆಟ್ಟ ಪಕ್ಷ ಎಷ್ಟು, ಕೌಂಟರ್ ಯಾವಾಗ ಸೊನ್ನೆಯಾಗುತ್ತದೆ. ಇವುಗಳಲ್ಲಿ ಒಂದು ಕಾಣದಿದ್ದರೂ ಕಂಪನಿಯ ಗ್ರಾಹಕ ಸೇವೆಗೆ ಬರೆದು ಕೇಳಿ. ಕೌಂಟರ್ ಅವರ ಸರ್ವರ್‌ನಲ್ಲಿ ಇದ್ದೇ ಇದೆ, ಅದನ್ನು ಪರದೆಯ ಮೇಲೆ ತೋರಿಸುವುದು ದೊಡ್ಡ ಕೆಲಸವೇನಲ್ಲ.