ಮತ್ತಿ ಮರದ ರೇಷ್ಮೆ ಕೈಗೇಕೆ ಒರಟು?

ಬುಟಿಬೋರಿಯಲ್ಲಿ ನೂಲು ಎಂದರೆ ಪಾಲಿಯೆಸ್ಟರ್. ನಾಗಪುರದಿಂದ ದಕ್ಷಿಣಕ್ಕೆ, ನಮ್ಮ ಬೆಂಗಳೂರಿಗೂ ಬರುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ಸಾಗಿದರೆ ಈ ಕೈಗಾರಿಕಾ ಪ್ರದೇಶ ಸಿಗುತ್ತದೆ. ಇಲ್ಲಿ ಕರಗಿಸಿದ ಪಾಲಿಮರನ್ನು ಶಾವಿಗೆ ಒರಳಿನ ಬಿಲ್ಲೆಯಂಥ ತೂತುಗಳ ತಟ್ಟೆಯಿಂದ ಒತ್ತಿ ಎಳೆ ತೆಗೆಯುತ್ತಾರೆ. ಎಳೆ ದಪ್ಪವಿರಬೇಕೋ ತೆಳ್ಳಗಿರಬೇಕೋ ಎಂಬುದನ್ನು ಅಲ್ಲಿ ಎಂಜಿನಿಯರ್ ತೀರ್ಮಾನಿಸುತ್ತಾನೆ. ಆದರೆ ನಾಗಪುರದ ಪೂರ್ವಕ್ಕಿರುವ ಭಂಡಾರ, ಗೊಂದಿಯಾ, ಗಡಚಿರೋಲಿ ಜಿಲ್ಲೆಗಳ ಕಾಡಂಚಿನಲ್ಲಿ ಇನ್ನೊಂದು ಬಗೆಯ ಎಳೆ ಹುಟ್ಟುತ್ತದೆ. ಅದರ ದಪ್ಪವನ್ನು ತೀರ್ಮಾನಿಸುವುದು ಮತ್ತಿ ಮರದ ಮೇಲೆ ಕುಳಿತ ಹಸಿರು ಹುಳು. ಅದೇ ವಿದರ್ಭದ ಟಸ್ಸರ್ ರೇಷ್ಮೆ.

ಮೈಸೂರು ರೇಷ್ಮೆಗೆ ಒಗ್ಗಿದ ಕನ್ನಡಿಗರು ಟಸ್ಸರ್ ಸೀರೆಯನ್ನು ಮೊದಲ ಸಲ ಮುಟ್ಟಿದಾಗ ಸಾಮಾನ್ಯವಾಗಿ ಕೇಳುವುದು ಒಂದೇ ಮಾತು: ಇದೂ ರೇಷ್ಮೆಯೇ ಆದರೆ ಇಷ್ಟು ಒರಟೇಕೆ? ಕಾಡಿನದ್ದಲ್ಲವೇ, ಸರಿಯಾಗಿ ಹದ ಮಾಡಿರಲಿಕ್ಕಿಲ್ಲ ಎಂಬ ಉತ್ತರ ಎಷ್ಟೋ ಅಂಗಡಿಗಳಲ್ಲಿ ಸಿಗುತ್ತದೆ. ಅದು ತಪ್ಪು ಉತ್ತರ. ಕಾರಣ ತಿಳಿಯಬೇಕಾದರೆ ಎರಡು ಗೂಡುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ರಾಮನಗರದ ಮಾರುಕಟ್ಟೆಗೆ ಬರುವ ಹಿಪ್ಪುನೇರಳೆ ಗೂಡು ಹಗುರ, ಬೆರಳಿನಿಂದ ಒತ್ತಿದರೆ ಸ್ವಲ್ಪ ಬಾಗುತ್ತದೆ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟ ಎರಡು ಮೂರು ದಿನಗಳಲ್ಲಿ ಅದು ಗೂಡು ಕಟ್ಟಿ ಮುಗಿಸುತ್ತದೆ. ಮನುಷ್ಯ ಸಾವಿರಾರು ವರ್ಷ ಮನೆಯೊಳಗೆ ಸಾಕಿದ ಹುಳು ಅದು. ಮಳೆಗೂ ಇರುವೆಗೂ ಹೆದರಬೇಕಾಗಿಲ್ಲ. ಟಸ್ಸರ್ ಗೂಡು ಕೋಳಿಮೊಟ್ಟೆಯ ಆಕಾರದ್ದು, ಕಂದು ಬಣ್ಣದ್ದು. ತಲೆಯ ಮೇಲೊಂದು ಗಟ್ಟಿ ತೊಟ್ಟು, ಅದರ ತುದಿಯ ಉಂಗುರ ರೆಂಬೆಯನ್ನು ಬಿಗಿಯಾಗಿ ತಬ್ಬಿರುತ್ತದೆ. ಉಗುರಿನಿಂದ ತಟ್ಟಿದರೆ ಮರದಂತೆ ಸದ್ದು ಬರುತ್ತದೆ. ಒಳಗಿನ ಪ್ಯೂಪಾ ತಿಂಗಳುಗಟ್ಟಲೆ ಮಲಗಿ, ಬೇಸಿಗೆ ದಾಟಿ, ಮಳೆಗಾಲದ ಹೊತ್ತಿಗೆ ಚಿಟ್ಟೆಯಾಗಬೇಕು. ಅಷ್ಟು ಕಾಲ ಬಿಸಿಲು, ಹಕ್ಕಿ, ಇರುವೆ ಎಲ್ಲವನ್ನೂ ಗೂಡೇ ತಡೆಯಬೇಕು. ಆದ್ದರಿಂದ ಹುಳು ತನ್ನ ಅಂಟಿನ ಜೊತೆಗೆ ಟ್ಯಾನಿನ್ನನ್ನೂ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳನ್ನೂ ಸೇರಿಸಿ ಗೋಡೆಯನ್ನು ಗಟ್ಟಿ ಮಾಡುತ್ತದೆ.

ಎರಡೂ ರೇಷ್ಮೆಗಳ ಮೂಲ ರಚನೆ ಒಂದೇ. ಹುಳುವಿನ ಎರಡು ಗ್ರಂಥಿಗಳಿಂದ ಎರಡು ಎಳೆಗಳು ಹೊರಬರುತ್ತವೆ. ಅದು ಫೈಬ್ರೋಯಿನ್ ಎಂಬ ಪ್ರೊಟೀನು. ಅವೆರಡನ್ನೂ ಸೆರಿಸಿನ್ ಎಂಬ ಅಂಟು ಸುತ್ತುವರಿದು ಒಂದಾಗಿ ಹಿಡಿದಿಡುತ್ತದೆ. ಹಿಪ್ಪುನೇರಳೆ ರೇಷ್ಮೆಯ ತೂಕದಲ್ಲಿ ಕಾಲು ಭಾಗದಷ್ಟು ಈ ಅಂಟೇ ಇರುತ್ತದೆ. ಗೂಡಿನಿಂದ ಬಟ್ಟೆಯವರೆಗಿನ ಕೆಲಸವೆಲ್ಲ ಈ ಅಂಟಿನೊಂದಿಗಿನ ವ್ಯವಹಾರ. ನೂಲು ಬಿಚ್ಚುವಾಗ ಅಂಟು ಸಡಿಲವಾಗಬೇಕು, ಆದರೆ ಹೋಗಬಾರದು. ನೇಯುವ ಮೊದಲು ಅಥವಾ ನೇಯ್ದ ಮೇಲೆ ಅದು ಪೂರ್ತಿ ಹೋಗಬೇಕು.

ಮೊದಲು ಬಿಚ್ಚಾಣಿಕೆ ನೋಡೋಣ. ಗೂಡು ಕೊಂಡ ರೀಲರ್ ತಡಮಾಡದೆ ಹಬೆ ಅಥವಾ ಬಿಸಿಗಾಳಿಯಿಂದ ಪ್ಯೂಪಾ ಕೊಲ್ಲಬೇಕು. ಚಿಟ್ಟೆ ತೂತು ಮಾಡಿ ಹೊರಬಂದರೆ ಗೂಡು ಬಿಚ್ಚಲು ಬಾರದು. ನಂತರ ಗೂಡನ್ನು ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ಒಂದೆರಡು ನಿಮಿಷ ಬೇಯಿಸಿ, ಬ್ರಷ್ಷಿನಿಂದ ಮೇಲಿನ ಸಿಕ್ಕು ತೆಗೆದು, ಎಳೆಯ ತುದಿ ಹಿಡಿಯುತ್ತಾರೆ. ಎಂಟು ಹತ್ತು ಗೂಡುಗಳ ಎಳೆ ಸೇರಿಸಿ, ನೂಲನ್ನು ಅದರ ಸುತ್ತಲೇ ಹೊಸೆದಂತೆ ಒಯ್ದು, ನೀರು ಹಿಂಡಿ, ರಾಟೆಗೆ ಸುತ್ತುತ್ತಾರೆ. ಹಸಿ ಅಂಟೇ ಈ ಎಳೆಗಳನ್ನು ಒಂದಕ್ಕೊಂದು ಹಿಡಿದು ದುಂಡಾದ ನೂಲಾಗಿಸುತ್ತದೆ. ಹೀಗೆ ಬರುವ 20ರಿಂದ 22 ಡೆನಿಯರ್ ನೂಲು ಎಂದರೆ 9000 ಮೀಟರ್ ಉದ್ದಕ್ಕೆ ತೂಕ 20–22 ಗ್ರಾಂ ಮಾತ್ರ. ಒಳ್ಳೆಯ ದ್ವಿತಳಿ ಗೂಡಿನಿಂದ ಸಾವಿರ ಮೀಟರಿನಷ್ಟು ಎಳೆ ಬಹುಪಾಲು ಹರಿಯದೆ ಬರುತ್ತದೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಆರೂವರೆ, ಏಳು ಕಿಲೋ ಗೂಡು, ಅಂದರೆ ಸುಮಾರು 4000 ಗೂಡು ಬೇಕು. ಬೇಯಿಸಿದ್ದು ಕಡಿಮೆಯಾದರೆ ಎಳೆ ತುದಿ ಬಿಡದೆ ಮೇಲಿಂದ ಮೇಲೆ ಹರಿಯುತ್ತದೆ. ಹೆಚ್ಚಾದರೆ ಒಂದೇ ಸಲ ಸುರುಳಿಗಟ್ಟಲೆ ಕಿತ್ತುಬಂದು ನೂಲಿನಲ್ಲಿ ಗಂಟುಗಳಾಗುತ್ತವೆ.

ಟಸ್ಸರ್ ಗೂಡನ್ನು ಈ ನೀರಿನಲ್ಲಿ ಎಷ್ಟು ಹೊತ್ತು ಬೇಯಿಸಿದರೂ ಅದು ಸುಲಭವಾಗಿ ಬಗ್ಗುವುದಿಲ್ಲ. ಟ್ಯಾನಿನ್ ಬೆರೆತ ಅಂಟು ಬರೀ ಬಿಸಿನೀರಿಗೆ ಕರಗದು. ಸೋಡಾ ಹಾಕಿ ಕುದಿಸಬೇಕು, ಅಥವಾ ಒತ್ತಡದ ಹಬೆಯಲ್ಲಿ ಬೇಯಿಸಬೇಕು, ಇಲ್ಲವೇ ಪ್ರೊಟೀನ್ ಕರಗಿಸುವ ಕಿಣ್ವದ ನೀರಿನಲ್ಲಿ ನೆನೆಸಬೇಕು. ಕಿಣ್ವದ ದಾರಿ ಚಿಟ್ಟೆಯದ್ದೇ. ಹೊರಬರುವ ಹೊತ್ತಿಗೆ ಅದು ಕೊಕೂನೇಸ್ ಎಂಬ ಕಿಣ್ವ ಸುರಿಸಿ ಗೂಡಿನ ತುದಿಯ ಅಂಟನ್ನಷ್ಟೇ ಸಡಿಲಿಸುತ್ತದೆ, ಫೈಬ್ರೋಯಿನ್ ಎಳೆಯನ್ನು ಕಡಿಯುವುದಿಲ್ಲ.

ಬೆಂದ ಗೂಡುಗಳನ್ನು ಒಣಗಿದಂತೆ ಒಣಗದಂತೆ ಇಟ್ಟು ಬಿಚ್ಚುತ್ತಾರೆ. ಟಸ್ಸರ್ ನಾಡುಗಳಲ್ಲಿ ತಲೆಮಾರುಗಳಿಂದ ಹೆಂಗಸರು ಮಾಡಿದ ಕೆಲಸ ಇದು. ನಾಲ್ಕಾರು ಗೂಡುಗಳ ಎಳೆಯನ್ನು ಎಡಗೈಯಲ್ಲಿ ಎಳೆಯುತ್ತಾ ಬಲ ಅಂಗೈಯಿಂದ ಬರಿ ತೊಡೆಯ ಮೇಲೆ ಉಜ್ಜಿ ಹುರಿ ಕೊಡುತ್ತಿದ್ದರು. ತೊಡೆಯ ಚರ್ಮ ಕಿತ್ತುಹೋಗುತ್ತಿತ್ತು. ನೂಲಿನ ದಪ್ಪ ಅಂಗೈಯ ಒತ್ತಡಕ್ಕೆ ತಕ್ಕಂತೆ ಏರಿಳಿಯುತ್ತಿತ್ತು. ಕೇಂದ್ರ ರೇಷ್ಮೆ ಮಂಡಳಿ ತಂದ ‘ಬುನಿಯಾದ್’ ಯಂತ್ರ ಈ ಪದ್ಧತಿಯನ್ನು ತೊಲಗಿಸಲೆಂದೇ ಬಂದದ್ದು. ನನ್ನ ಮಟ್ಟಿಗೆ ಟಸ್ಸರ್ ಕಸುಬಿನಲ್ಲಿ ಆದ ಅತ್ಯಂತ ನ್ಯಾಯವಾದ ಬದಲಾವಣೆ ಅದೇ. ತೊಡೆಯ ಮೇಲೆ ಹೊಸೆದ ನೂಲೇ ‘ಅಸಲಿ’ ಎಂದು ಹೊಗಳುವವರು ಆ ಹೆಂಗಸರ ಚರ್ಮವನ್ನು ಒಮ್ಮೆ ನೆನೆಯಬೇಕು.

ಇಲ್ಲಿಗೆ ಒರಟಿನ ಒಂದು ಕಾರಣ ಸಿಕ್ಕಿತು. ಟಸ್ಸರ್ ಎಳೆ ಬಿಚ್ಚುವಾಗ ನಡುನಡುವೆ ಹರಿಯುತ್ತದೆ, ಮತ್ತೆ ಮತ್ತೆ ಜೋಡಿಸಬೇಕಾಗುತ್ತದೆ. ಜೋಡಿಸಿದಲ್ಲೆಲ್ಲ ನೂಲು ದಪ್ಪವಾಗುತ್ತದೆ. ಬಿಚ್ಚಲಾಗದ ಗೂಡು, ತೂತಾದ ಗೂಡು, ತೊಟ್ಟಿನ ನಾರು ಇವನ್ನು ಹಿಂಜಿ ನೂತ ನೂಲು ಇನ್ನೂ ಗಂಟುಗಂಟು. ಅಗ್ಗದ ಟಸ್ಸರ್ ಬಟ್ಟೆಯ ಹೊಕ್ಕಿನಲ್ಲಿ ಈ ನೂತ ನೂಲೇ ಹೆಚ್ಚು.

ಆದರೆ ಚೆನ್ನಾಗಿ ಬಿಚ್ಚಿದ ಟಸ್ಸರ್ ನೂಲಿನ ಬಟ್ಟೆಯೂ ಮೈಸೂರು ರೇಷ್ಮೆಯಷ್ಟು ನುಣುಪಲ್ಲ. ಮುಖ್ಯ ಕಾರಣ ಎಳೆಯಲ್ಲೇ ಇದೆ. ಅಂಟು ತೆಗೆದ ಮೇಲೆ ಹಿಪ್ಪುನೇರಳೆಯ ಒಂದು ಎಳೆ ಸುಮಾರು 1 ಡೆನಿಯರ್, ಟಸ್ಸರ್‌ನದು ನಾಲ್ಕರಿಂದ ಐದು. 60 ಡೆನಿಯರಿನ ನೂಲು ಬೇಕೆಂದರೆ ಹಿಪ್ಪುನೇರಳೆಯ 60 ಎಳೆ ಸೇರುತ್ತವೆ, ಟಸ್ಸರ್‌ನ 13 ಎಳೆ ಸಾಕು. ಒಂದು ಎಳೆಯನ್ನು ಬಾಗಿಸಲು ಬೇಕಾದ ಬಲ ಅದರ ಡೆನಿಯರಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಾಲ್ಕೂವರೆ ಪಟ್ಟು ದಪ್ಪದ ಎಳೆ ಬಾಗಲು ಇಪ್ಪತ್ತು ಪಟ್ಟು ಹಟ ಮಾಡುತ್ತದೆ. ಎಳೆಗಳ ಸಂಖ್ಯೆ ಕಡಿಮೆಯಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಅದೇ ತೂಕದ ನೂಲು ಒಟ್ಟಾರೆ ನಾಲ್ಕೂವರೆ ಪಟ್ಟು ಬಿಗುವಾಗಿರುತ್ತದೆ. ಇದು ಉಳಿದೆಲ್ಲ ಗುಣ ಸಮವೆಂದು ಹಿಡಿದ ಲೆಕ್ಕ. ಟಸ್ಸರ್ ಎಳೆ ಚಪ್ಪಟೆಯಾದ್ದರಿಂದ ತೆಳುವಾದ ದಿಕ್ಕಿಗೆ ಸ್ವಲ್ಪ ಸುಲಭವಾಗಿ ಬಾಗುತ್ತದೆ, ಹಾಗಾಗಿ ನಿಜದ ಅಂತರ ಇದಕ್ಕಿಂತ ಕಡಿಮೆ. ಹಿಪ್ಪುನೇರಳೆ ಎಳೆಯ ಅಡ್ಡಕೊಯ್ತ ತ್ರಿಕೋನ, ಮೂಲೆಗಳು ದುಂಡು. ಅದಕ್ಕೇ ಒಂದೇ ಸಮನಾದ ಹೊಳಪು. ಚಪ್ಪಟೆ ಟಸ್ಸರ್ ಎಳೆ ತಿರುಚಿಕೊಂಡಂತೆಲ್ಲ ಬೆಳಕು ಅಲ್ಲಲ್ಲಿ ಮಿನುಗುತ್ತದೆ.

ಇನ್ನು ಅಂಟು ತೆಗೆಯುವ ಹಂತ. ಒಂದು ಕಿಲೋ ಹಿಪ್ಪುನೇರಳೆ ನೂಲಿಗೆ 30 ಲೀಟರ್ ಮೆದು ನೀರು, ಸುಮಾರು 200 ಗ್ರಾಂ ಸೋಪು, 30 ಗ್ರಾಂ ಸೋಡಾ. ಕುದಿ ಬರದಂತೆ 95 ಡಿಗ್ರಿಯಲ್ಲಿ ಒಂದು ಗಂಟೆ. ತೊಳೆದು ಒಣಗಿಸಿ ತೂಗಿದರೆ ಸುಮಾರು 770 ಗ್ರಾಂ ಬರಬೇಕು. 850 ಬಂದರೆ ಅಂಟು ಉಳಿದಿದೆ, ಬಣ್ಣ ಪಟ್ಟೆಪಟ್ಟೆಯಾಗಿ ಹಿಡಿಯುತ್ತದೆ. 700ಕ್ಕೆ ಇಳಿದರೆ ಫೈಬ್ರೋಯಿನ್ನೇ ಕರಗಿದೆ, ಎಳೆ ಸೀಳಿ ಬಟ್ಟೆಯ ಮೇಲೆ ಬಿಳಿ ರೋಮ ಏಳುತ್ತದೆ. ಗಡುಸು ನೀರಾದರೆ ಸುಣ್ಣದಂಶದ ಸೋಪು ನೂಲಿಗೇ ಅಂಟಿ ಕುಳಿತುಬಿಡುತ್ತದೆ. ಸಂದೇಹವಿದ್ದರೆ ಪಿಕ್ರೊಕಾರ್ಮೈನ್ ಬಣ್ಣದಲ್ಲಿ ಒಂದು ತುಣುಕು ಅದ್ದಿ ನೋಡುತ್ತಾರೆ: ಅಂಟು ಉಳಿದಲ್ಲಿ ಕೆಂಪು, ಹೋದಲ್ಲಿ ಹಳದಿ.

ಕಳೆದುಹೋದ ಆ 230 ಗ್ರಾಂ ಎಲ್ಲಿತ್ತೋ ಅಲ್ಲೆಲ್ಲ ಎಳೆಗಳ ನಡುವೆ ಸಂದು ಬೀಳುತ್ತದೆ. ಎಳೆಗಳು ಒಂದರ ಮೇಲೊಂದು ಜಾರತೊಡಗುತ್ತವೆ. ಹಿಪ್ಪುನೇರಳೆ ರೇಷ್ಮೆಯ ಮೆದು ಹುಟ್ಟುವುದು ಇಲ್ಲಿ. 1912ರಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯ ಕ್ರೇಪ್ ಸೀರೆಯನ್ನು ಬಿಗಿ ಹುರಿಯ ಕಚ್ಚಾ ನೂಲಿನಲ್ಲೇ ನೇಯ್ದು ಆಮೇಲೆ ಅಂಟು ತೆಗೆಯುವುದೂ ಇದಕ್ಕೇ. ಅಂಟು ಹೋದೊಡನೆ ಹುರಿ ಸಡಿಲಗೊಳ್ಳಲು ಹವಣಿಸಿ, ಬಟ್ಟೆ ಸಣ್ಣಗೆ ಮುದುರಿ, ಆ ಜೋತುಬೀಳುವ ಗುಣ ಬರುತ್ತದೆ.

ಟಸ್ಸರ್‌ನಲ್ಲಿ ಅಂಟೇ ಕಡಿಮೆ, ಅದರಲ್ಲೂ ಒಂದಷ್ಟು ಗೂಡು ಬೇಯಿಸುವಾಗಲೇ ಹೋಗಿರುತ್ತದೆ. ಕಿಲೋ ನೂಲನ್ನು ಕುದಿಸಿದರೆ 900 ಗ್ರಾಂನ ಆಸುಪಾಸು ಉಳಿಯುತ್ತದೆ. ಬೀಳುವ ಸಂದು ಸಣ್ಣದು, ಮೆದುವೂ ಅಷ್ಟಕ್ಕಷ್ಟೇ. ಇನ್ನಷ್ಟು ಸೋಡಾ ಸುರಿದರೆ ಮೆದುವಾದೀತೆಂದು ಹೊರಟರೆ ನೂಲಿನ ಬಲ ಹೋಗುತ್ತದೆ, ಎಳೆಯ ದಪ್ಪ ಹಾಗೇ ಇರುತ್ತದೆ.

ಹಾಗಾದರೆ ‘ಕಾಡು’ ಎಂಬುದೇ ಒರಟಿಗೆ ಕಾರಣವೇ? ಅಸ್ಸಾಮಿನ ಮೂಗಾ ಹುಳುವೂ ಬಯಲಿನಲ್ಲೇ ಮರದ ಮೇಲೆ ಬೆಳೆಯುತ್ತದೆ. ಅದರ ಎಳೆ ಟಸ್ಸರ್‌ನ ಅರ್ಧದಷ್ಟೇ ದಪ್ಪ, ಬಟ್ಟೆಯೂ ಅಷ್ಟೇ ನಯ. ಎರಿ ರೇಷ್ಮೆಯ ಎಳೆ ಹಿಪ್ಪುನೇರಳೆಗೆ ಹತ್ತಿರದಷ್ಟು ಸಣ್ಣದು, ಹುಳುವನ್ನು ಮನೆಯಲ್ಲೇ ಸಾಕುತ್ತಾರೆ. ಆದರೂ ಬಟ್ಟೆ ಉಣ್ಣೆಯ ಹಾಗೆ. ಅದರ ಗೂಡಿಗೆ ಒಂದು ಬದಿ ಬಾಯಿ ತೆರೆದಿರುವುದರಿಂದ ಬಿಚ್ಚಲಾಗದೆ ಹಿಂಜಿ ನೂಲಬೇಕು. ಹುಳು ಎಲ್ಲಿ ಬೆಳೆಯಿತು ಎನ್ನುವುದಕ್ಕಿಂತ ಎಳೆ ಎಷ್ಟು ದಪ್ಪ, ಅದನ್ನು ಬಿಚ್ಚಿದರೋ ನೂತರೋ ಎನ್ನುವುದೇ ಕೈಗೆ ತಿಳಿಯುವ ವಿಷಯ.

ನಾಗಪುರ, ಭಂಡಾರ ಕಡೆಯ ನೇಕಾರರು ಈ ಬಿಗುವನ್ನೇ ಬಳಸಿಕೊಂಡು ಗರಗಸದ ಹಲ್ಲಿನ ಅಂಚಿನ ಕರ್ವತಿ ಸೀರೆ ನೇಯುತ್ತಾರೆ. ಅಂಚಿನ ಹೊಕ್ಕು, ಒಡಲಿನ ಹೊಕ್ಕು ಬೇರೆ ಬೇರೆ ಲಾಳಿಗಳಲ್ಲಿ ಓಡಿ, ಸೇರುವಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಒಡಲು ನಿಂತ ಬಟ್ಟೆಯಾಗಿರುವುದರಿಂದ ಆ ಹಲ್ಲುಗಳು ನೇರವಾಗಿ, ಚೂಪಾಗಿ ಕಾಣುತ್ತವೆ.

ಕೊಳ್ಳುವವರಿಗೆ ಒಂದು ಮಾತು. ಟಸ್ಸರ್ ಹೆಸರಿನಲ್ಲಿ ಪಾಲಿಯೆಸ್ಟರ್ ಮಾರುವುದು ಇದೆ, ಒರಟು ನೂಲಿನ ಸೋಗು ಹಾಕುವುದು ಕಷ್ಟವೂ ಅಲ್ಲ. ಸೆರಗಿನ ಕುಚ್ಚಿನಿಂದ ಒಂದು ಎಳೆ ಕಿತ್ತು ಸುಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಪುಡಿಯಾಗುವ ಕರಿ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಸಿಲ್ಕ್ ಮಾರ್ಕ್ ಚೀಟಿಯನ್ನು ಕೇಳಿ ಪಡೆಯಿರಿ. ಹೊಕ್ಕಿನ ನೂಲು ಬಿಚ್ಚಿದ್ದೋ ನೂತದ್ದೋ ಎಂದೂ ಅಂಗಡಿಯವರನ್ನು ಕೇಳಿ, ಬೆಲೆಯ ವ್ಯತ್ಯಾಸ ಅಲ್ಲೇ ಇರುತ್ತದೆ.